ಗ್ರಹಣ ನೋಡಲು ಎರಡು ಪೋಲರೈಸ್ಡ್ ಕನ್ನಡಕ ಅಡ್ಡ ಹಿಡಿದರೆ ಸಾಕಾ?

ಕಾರವಾರದ ತಂದೆ: ಸರ್, ಒಂದು ಫಾರ್ವರ್ಡ್ ಬಂದಿದೆ. ಎರಡು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಅಡ್ಡಡ್ಡ ಇಟ್ಟರೆ ಪೂರ್ತಿ ಕತ್ತಲೆ, ಸೂರ್ಯಗ್ರಹಣ ಆರಾಮಾಗಿ ನೋಡಬಹುದಂತೆ. ಮೂರು ಇಟ್ಟರೆ ಇನ್ನೂ ಸೇಫ್ ಅಂತೆ. 2027ರ ಆಗಸ್ಟ್ 2ರಂದು ಮಕ್ಕಳನ್ನು ಟಾಗೋರ್ ಬೀಚಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.

ಫಿಸಿಕ್ಸ್ ಮೇಷ್ಟ್ರು: ಮಾಡಬೇಡಿ. ದಯವಿಟ್ಟು ಆ ಫಾರ್ವರ್ಡ್ ಇನ್ನು ಯಾರಿಗೂ ಕಳಿಸಬೇಡಿ.

ಮೊದಲು ಕೋನ ನೋಡೋಣ. ಪೋಲರೈಸ್ಡ್ ಗಾಜು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ದಾಟಿಸುತ್ತದೆ, ಹಾಗಾಗಿ ಮೊದಲ ಗಾಜು ಬಿಸಿಲಿನ ಅರ್ಧ ಬಿಡುತ್ತದೆ. ಎರಡನೆಯದು ಎಷ್ಟು ಬಿಡುತ್ತದೆ ಅನ್ನುವುದು ಅವುಗಳ ನಡುವಿನ ಕೋನ θ ಮೇಲೆ. I0 ಅಂದರೆ ಬಂದ ಬೆಳಕು, I ಅಂದರೆ ಎರಡೂ ದಾಟಿದ ಬೆಳಕು:

```
I = (I0 / 2) × cos²θ
```

ಸರಿಯಾಗಿ 90 ಡಿಗ್ರಿ ಇದ್ದರೆ ಸೊನ್ನೆ. ಆದರೆ ಕೈಯಲ್ಲಿ ಹಿಡಿದ ಕನ್ನಡಕ ಅಲುಗುತ್ತದೆ ಅಲ್ವಾ? ಐದೇ ಡಿಗ್ರಿ ತಪ್ಪಿ 85 ಆಯಿತು ಅನ್ನಿ, ಆಗ ನೂರಕ್ಕೆ 0.38 ಭಾಗ ಒಳಗೆ ಬರುತ್ತದೆ. ಗ್ರಹಣದ ಕನ್ನಡಕ ಬಿಡಬಹುದಾದದ್ದು ಹೆಚ್ಚೆಂದರೆ ನೂರಕ್ಕೆ 0.0032. ಅಂದರೆ ನೂರು ಪಟ್ಟಿಗಿಂತ ಜಾಸ್ತಿ. ಗಾಜಿನ ಬಣ್ಣ ಅದನ್ನು ಸ್ವಲ್ಪ ತಗ್ಗಿಸುತ್ತದೆ, ಆದರೆ ಸಾಲುವುದಿಲ್ಲ.

ನನಗೆ ಇದಕ್ಕಿಂತ ಹೆದರಿಕೆ ಇನ್ನೊಂದರದ್ದು. ಈ ಗಾಜಿನ ಪದರ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ. ಕಾಣದ ಇನ್‌ಫ್ರಾರೆಡ್ ಅದನ್ನು ಬಹುಪಾಲು ದಾಟಿ ಬರುತ್ತದೆ, ಎಷ್ಟೇ ಅಡ್ಡ ಇಟ್ಟರೂ. ಕತ್ತಲೆ ಅನಿಸುವುದರಿಂದ ಪಾಪೆ ಅಗಲವಾಗುತ್ತದೆ, ಕಣ್ಣು ಮುಚ್ಚಬೇಕು ಅಂತ ಅನಿಸುವುದೇ ಇಲ್ಲ. ರೆಟಿನಾಗೆ ನೋವು ಗೊತ್ತಾಗುವುದಿಲ್ಲ. ಸುಡುತ್ತಿರುವುದು ಮಗುವಿಗೆ ತಿಳಿಯುವುದೇ ಇಲ್ಲ.

ಮನೆಯಲ್ಲೇ ನೋಡಿ. ಇನ್‌ಫ್ರಾರೆಡ್ ಬಿಡುವ ಟಿವಿ ರಿಮೋಟಿನ ಬಲ್ಬನ್ನು ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿ. ಈಗ ಅಡ್ಡ ಇಟ್ಟ ಎರಡು ಗಾಜು ನಡುವೆ ಹಿಡಿಯಿರಿ. ಟಾರ್ಚ್ ಬೆಳಕು ಹೆಚ್ಚುಕಡಿಮೆ ಮಾಯವಾದ ಜಾಗದಲ್ಲೂ ರಿಮೋಟ್ ಮಿನುಗುತ್ತದೆ.

ಬೈತಖೋಲದ ತಾಂಡೇಲ: ನನ್ನ ಕೂಲಿಂಗ್ ಗ್ಲಾಸ್ ಹಾಕಿದರೆ ಬೋಟಿನ ಫಿಶ್ ಫೈಂಡರ್ ಪರದೆ ಕಪ್ಪಾಗುತ್ತದೆ. ಕೆಟ್ಟಿದೆಯಾ?

ಫಿಸಿಕ್ಸ್ ಮೇಷ್ಟ್ರು: ಕೆಟ್ಟಿಲ್ಲ. ಪರದೆಯ ಬೆಳಕೂ ಒಂದೇ ದಿಕ್ಕಿನದು. ತಲೆ ವಾಲಿಸಿ ನೋಡಿ.

ಕುಮಟಾದ ಇಂಜಿನಿಯರ್: ಸರ್, ಮೂರನೆಯದರ ಬಗ್ಗೆ ಫಾರ್ವರ್ಡ್ ಸರಿ ಇದೆ. ಫಿಲ್ಟರ್ ಬೆಳಕನ್ನು ಕಡಿಮೆ ಮಾಡುತ್ತದೆ ಅಷ್ಟೇ, ಕೂಡಿಸುವುದಿಲ್ಲ. ಹಾಗಾಗಿ ಮೂರು ಅಂದರೆ ಇನ್ನೂ ಕತ್ತಲೆ.

ಶಿರಸಿಯ ವಿದ್ಯಾರ್ಥಿನಿ: ಇಲ್ಲ ಅಣ್ಣ, ನಮ್ಮ ಲ್ಯಾಬಿನಲ್ಲಿ ಅಡ್ಡ ಇಟ್ಟ ಎರಡು ಪೋಲರೈಸ್ಡ್ ಹಾಳೆಗಳ ನಡುವೆ ಮೂರನೆಯದನ್ನು ಓರೆಯಾಗಿ ಇಟ್ಟಾಗ ಬೆಳಕು ಬಂತು!

ಕುಮಟಾದ ಇಂಜಿನಿಯರ್: ಹಾಳೆ ಸರಿಯಾಗಿ ಅಡ್ಡ ಇದ್ದಿರಲಿಕ್ಕಿಲ್ಲ.

ಶಿರಸಿಯ ವಿದ್ಯಾರ್ಥಿನಿ: ನಾನು ಕಣ್ಣಾರೆ ನೋಡಿದ್ದು. ನೀವು ನೋಡದೇ ಹೇಳುತ್ತಿದ್ದೀರಿ.

ಫಿಸಿಕ್ಸ್ ಮೇಷ್ಟ್ರು: ಹುಡುಗಿ ಹೇಳಿದ್ದೇ ಸರಿ. ಇಂಜಿನಿಯರ್ ಅವರೇ, ಪ್ರತಿ ಹಾಳೆ ತನ್ನ ಪಾಲು ಕಳೆಯುತ್ತದೆ ಅನ್ನುವಷ್ಟು ನಿಮ್ಮದೂ ಸರಿ. ಆದರೆ ದಾಟಿದ ಬೆಳಕಿನ ದಿಕ್ಕು ಬದಲಾಗುತ್ತದೆ. ನೂರು ಪಾಲು ಬಂತು ಅನ್ನಿ. ಮೊದಲ ಹಾಳೆ ದಾಟಿ 50, ನೆಟ್ಟಗೆ. ನಡುವಿನದು 45 ಡಿಗ್ರಿ ಓರೆ ಇದ್ದರೆ ಅದರ ಅರ್ಧ 25 ದಾಟುತ್ತದೆ, ಈಗ ಓರೆಯಾಗಿ. ಕೊನೆಯ ಹಾಳೆಗೆ ಅದು ಅಡ್ಡ ಅಲ್ಲ, 45 ಡಿಗ್ರಿ ಅಷ್ಟೇ. ಮತ್ತೆ ಅರ್ಧ, 12.5. ಎರಡೇ ಇದ್ದಾಗ ಸೊನ್ನೆ, ಮೂರನೆಯದು ನಡುವೆ ಬಂದರೆ ಎಂಟನೇ ಒಂದು ಪಾಲು! ಹೆಚ್ಚು ಸೇಫ್ ಅಂತ ನಡುವೆ ಮೂರನೇ ಕನ್ನಡಕ ತೂರಿಸಿದರೆ ಮಗುವಿನ ಕಣ್ಣಿಗೆ ಬಿಸಿಲನ್ನು ಬಾಗಿಲು ತೆರೆದು ಕರೆದ ಹಾಗೆ.

ಹೊನ್ನಾವರದ ಅಮ್ಮ: ನನಗೆ ಪೊರೆ ಆಪರೇಷನ್ ಆಗಿದೆ. ಪೋಲರೈಸ್ಡ್ ಹಾಕಿದರೆ ಕಣ್ಣಿಗೆ ಯುವಿ ತಾಗುವುದಿಲ್ಲ ಅಲ್ವಾ?

ಫಿಸಿಕ್ಸ್ ಮೇಷ್ಟ್ರು: ಅಮ್ಮ, ಅದು ಬೇರೆ, ಇದು ಬೇರೆ. ನೀರಿನ ಮೇಲಿನ ಥಳಥಳ ಬಹುಪಾಲು ಅಡ್ಡ ದಿಕ್ಕಿನ ಬೆಳಕು, ಪೋಲರೈಸ್ಡ್ ಗಾಜು ಅದನ್ನು ತಡೆಯುತ್ತದೆ. ಯುವಿ ತಡೆಯಲು UV400 ಅಂತ ಬರೆದಿರಬೇಕು. ಉಳಿದದ್ದು ನಿಮ್ಮ ಕಣ್ಣಿನ ಡಾಕ್ಟರ್ ಹತ್ತಿರ ಕೇಳಿ.

ಅಂಕೋಲಾದ ಸದಸ್ಯ: ಯಾವ ಕಂಪನಿ ಕೂಲಿಂಗ್ ಗ್ಲಾಸ್ ಒಳ್ಳೆಯದು?

ಭಟ್ಕಳದ ಸದಸ್ಯ: ಒಂದರ ಮೇಲೆ ಒಂದು ಇಟ್ಟು ಗ್ರಹಣ ನೋಡಬಹುದಾ?

ಫಿಸಿಕ್ಸ್ ಮೇಷ್ಟ್ರು: ಇಲ್ಲ. ಮೇಲೆ ಓದಿ.

ಕುಮಟಾದ ಇಂಜಿನಿಯರ್: 2019ರಲ್ಲಿ ನಾನು ಹೀಗೇ ಎರಡು ಇಟ್ಟು ನೋಡಿದ್ದೆ. ನನಗೇನೂ ಆಗಿಲ್ಲ. ಸುಮ್ನೆ ಹೆದರಿಸುತ್ತಿದ್ದಾರೆ.

ತಾಂಡೇಲ: ಹೆಲ್ಮೆಟ್ ಇಲ್ಲದೆ ಕಾಳಿ ಸೇತುವೆ ದಾಟಿದವರೂ ಹೀಗೇ ಹೇಳುತ್ತಾರೆ.

ಕುಮಟಾದ ಇಂಜಿನಿಯರ್: ನೀವು ಮೀನು ನೋಡಿಕೊಳ್ಳಿ.

ಫಿಸಿಕ್ಸ್ ಮೇಷ್ಟ್ರು: ಅವರ ಹತ್ತಿರ ಹಾಗೆ ಮಾತಾಡಬೇಡಿ. ನಿಮ್ಮ ಕಣ್ಣು ಉಳಿದದ್ದು ಒಳ್ಳೆಯದು, ನಿಜ. ಅದನ್ನು ಹಿಡಿದು ಬೇರೆಯವರ ಮಕ್ಕಳಿಗೆ ಹೇಳಬೇಡಿ.

ಕಾರವಾರದವರೇ, ರಟ್ಟಿನಲ್ಲಿ ಸೂಜಿಯಷ್ಟು ತೂತು ಮಾಡಿ. ಮಕ್ಕಳು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಲಿ, ತೂತಿನ ಬೆಳಕು ಬಿಳಿ ಹಾಳೆಯ ಮೇಲೆ ಬೀಳಲಿ. ಕಚ್ಚಿದ ಸೂರ್ಯ ಅಲ್ಲೇ ಕಾಣುತ್ತಾನೆ. ತೂತಿನೊಳಗಿಂದ ಸೂರ್ಯನನ್ನು ನೋಡಬಾರದು.

ಕಾರವಾರದ ತಂದೆ: ಆಗಸ್ಟ್ ಅಂದರೆ ಮಳೆಗಾಲ ಸರ್. ಮೋಡದ ಮರೆಯಲ್ಲಿ ಸೂರ್ಯ ಮಂಕಾಗಿ ಕಂಡರೆ ಬರಿಗಣ್ಣಲ್ಲಿ ನೋಡಬಹುದಾ?

ಫಿಸಿಕ್ಸ್ ಮೇಷ್ಟ್ರು: ಬೇಡ. ಮೋಡ ಯಾವ ಕ್ಷಣ ಸರಿಯುತ್ತದೆ ಅಂತ ಗೊತ್ತಾಗುವುದಿಲ್ಲ.

ಅಂಕೋಲಾದ ಸದಸ್ಯ: ಕಂಪನಿ ಹೆಸರು ಯಾರೂ ಹೇಳಲಿಲ್ಲ.