ಮನೆಯಲ್ಲೇ ಟೈಪಿಂಗ್ ಕೆಲಸ: ಗುಂಪಿನಲ್ಲಿ ನಡೆದ ಚರ್ಚೆ

ಕಾವ್ಯ: (ಫಾರ್ವರ್ಡ್) ಮನೆಯಿಂದಲೇ ಡೇಟಾ ಎಂಟ್ರಿ. 5 ದಿನದಲ್ಲಿ 500 ಫಾರಂ. 90% ಫಾರಂ ಸರಿಯಿದ್ದರೆ ಪೂರ್ತಿ ಹಣ. ಯಾವುದೇ ಶುಲ್ಕ ಇಲ್ಲ. ಅಗ್ರಿಮೆಂಟ್‌ಗೆ ಸಹಿ ಮಾಡಿ, ಇವತ್ತೇ ಶುರು ಮಾಡಿ.

ಕಾವ್ಯ: ಸೇರಿಕೊಳ್ಳಲಾ?

ಸುರೇಶ ಮಾವ: ಸೇರಿಕೋ ಪುಟ್ಟಿ. ಮೊದಲೇ ದುಡ್ಡು ಕೇಳುತ್ತಿಲ್ಲ ಅಂದಮೇಲೆ ಮೋಸ ಎಲ್ಲಿಂದ ಬಂತು?

ಅನಿತಾ ಅಕ್ಕ: ಬೇಡ ಕಾವ್ಯ, ಸಹಿ ಹಾಕಬೇಡ. ಮಾವ, ಇವರು ದುಡ್ಡು ಕೇಳುವುದು ಕೊನೆಯಲ್ಲಿ. ಐದು ದಿನ ಟೈಪ್ ಮಾಡಿಸುತ್ತಾರೆ. ಆಮೇಲೆ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆಯ ರಿಪೋರ್ಟ್ ಕಳಿಸಿ, ನೀನು ಫೇಲ್, ಅಗ್ರಿಮೆಂಟ್ ಮುರಿದಿದ್ದೀಯ, ನಷ್ಟ ಕಟ್ಟು ಅನ್ನುತ್ತಾರೆ.

ಸುರೇಶ ಮಾವ: ಅವಳ ಟೈಪಿಂಗ್ ಚೆನ್ನಾಗಿದೆ. 90% ಏನು ಮಹಾ?

ಅನಿತಾ ಅಕ್ಕ: ಅಲ್ಲೇ ಇರುವುದು ಮಾವ. ಅದು ಅಕ್ಷರದ 90% ಅಲ್ಲ, ಫಾರಂನ 90%. ಒಂದು ಸ್ಪೇಸ್ ಜಾಸ್ತಿಯಾದರೂ ಇಡೀ ಫಾರಂ ತಪ್ಪು. ಒಂದು ಫಾರಂನಲ್ಲಿ 250 ಅಕ್ಷರ ಅಂದುಕೊಳ್ಳಿ. ಸಾವಿರ ಅಕ್ಷರಕ್ಕೆ ಬರೀ ಎರಡು ತಪ್ಪು ಮಾಡುವವಳು ಒಳ್ಳೆಯ ಟೈಪಿಸ್ಟೇ ಅಲ್ವಾ? ಅವಳಿಗೂ ಹತ್ತರಲ್ಲಿ ಸುಮಾರು ಆರು ಫಾರಂ ಮಾತ್ರ ಒಂದೂ ತಪ್ಪಿಲ್ಲದೆ ಬರುತ್ತವೆ. 90% ಮುಟ್ಟುವುದು ಹೇಗೆ? ಸಾಲದ್ದಕ್ಕೆ ನೋಡಿ ಟೈಪ್ ಮಾಡಲು ಕೊಡುವ ಫಾರಂ ಚಿತ್ರಗಳೂ ಮಸುಕಾಗಿರುತ್ತವೆ. ಸೊನ್ನೆಯೋ ಓ ಅಕ್ಷರವೋ ತಿಳಿಯುವುದಿಲ್ಲ.

ಕಾವ್ಯ: ಹಾಗಾದರೆ ನಿಮ್ಮ ಡೇಟಾ ಎಂಟ್ರಿ ಆಫೀಸಲ್ಲಿ ತಪ್ಪೇ ಆಗುವುದಿಲ್ವಾ ಅಕ್ಕ?

ಅನಿತಾ ಅಕ್ಕ: ಆಗುತ್ತೆ. ಅದಕ್ಕೇ ಮುಖ್ಯವಾದ ಫಾರಂಗಳನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡುತ್ತೇವೆ. ಕಂಪ್ಯೂಟರ್ ಎರಡನ್ನೂ ಹೋಲಿಸುತ್ತೆ. ಹೊಂದದ ಕಡೆ ಮೂರನೆಯವರು ಮೂಲ ನೋಡಿ ಸರಿ ಮಾಡುತ್ತಾರೆ. ಓದಲಾಗದಿದ್ದರೆ ಹಾಗಂತ ಗುರುತು ಹಾಕುವ ಅವಕಾಶವೂ ಇದೆ.

ಸುರೇಶ ಮಾವ: ಕೆಲಸಕ್ಕೆ ಸೇರಿಸಿಕೊಳ್ಳುವಾಗ ಟೆಸ್ಟ್ ಅಂತೂ ಎಲ್ಲ ಕಡೆ ಇರುತ್ತಲ್ಲ?

ಅನಿತಾ ಅಕ್ಕ: ಇರುತ್ತೆ ಮಾವ, ಆದರೆ ಚಿಕ್ಕದು. ಹತ್ತು ಹದಿನೈದು ನಿಮಿಷ. ಒಂದೆರಡು ಮಾದರಿ ಫಾರಂ ಕೊಟ್ಟು ಗಂಟೆಗೆ ಎಷ್ಟು ಕೀ ಒತ್ತುತ್ತೀವಿ, ಎಷ್ಟು ತಪ್ಪು ಅಂತ ನೋಡುತ್ತಾರೆ. ತುಂಬ ಕಡೆ ಗಂಟೆಗೆ 8,000ದಿಂದ 10,000 ಕೀ ಕೇಳುತ್ತಾರೆ. ಸರಿಯುತ್ತರ ಅವರ ಹತ್ತಿರ ಮೊದಲೇ ಇರುತ್ತೆ, ಹಾಗಾಗಿ ಅಷ್ಟು ಸಾಕು. ಫೇಲಾದರೆ ಕೆಲಸ ಸಿಗುವುದಿಲ್ಲ, ಅಷ್ಟೇ. ಸಾಲಗಾರರಾಗುವುದಿಲ್ಲ.

ಕಾವ್ಯ: ನಿಜವಾದ ಕೆಲಸದಲ್ಲಿ ದುಡ್ಡು ಯಾವಾಗ ಬರುತ್ತೆ?

ಅನಿತಾ ಅಕ್ಕ: ನೌಕರಿಯಾದರೆ ಗಂಟೆ ಲೆಕ್ಕದಲ್ಲೋ ತಿಂಗಳ ಸಂಬಳವಾಗಿಯೋ. ಬಿಡಿ ಕೆಲಸವಾದರೆ ಒಪ್ಪಿಗೆಯಾದ ಫಾರಂಗಳಿಗೆ ಬಿಲ್ ಕಳಿಸಬೇಕು, ಮಾತಾದ ದಿನಕ್ಕೆ ಖಾತೆಗೆ ಹಾಕುತ್ತಾರೆ. ತಪ್ಪಿದ್ದರೆ ತಿದ್ದಲು ವಾಪಸ್ ಬರುತ್ತೆ, ಇಲ್ಲಾ ಅಷ್ಟರ ಹಣ ಕಡಿತ. ನಾವು ಅವರಿಗೆ ಕಟ್ಟುವ ಮಾತೇ ಇಲ್ಲ.

ಸುರೇಶ ಮಾವ: ನಮ್ಮ ಪಕ್ಕದ ಮನೆ ಹುಡುಗ ಇಂಥದ್ದಕ್ಕೇ ಸಹಿ ಹಾಕಿದ್ದಾನೆ ಕಣಮ್ಮ. ನಿನ್ನೆ ನೋಟಿಸ್ ಬಂದಿದೆಯಂತೆ.

ಅನಿತಾ ಅಕ್ಕ: ಏನೂ ಕಟ್ಟಬಾರದು ಅಂತ ಈಗಲೇ ಹೇಳಿ ಮಾವ. ಒಮ್ಮೆ ಕಟ್ಟಿದರೆ ಮತ್ತೆ ಕೇಳುತ್ತಾರೆ. ವಕೀಲರ ನೋಟಿಸ್ ಅಂದರೆ ಕೋರ್ಟ್ ಆದೇಶ ಅಲ್ಲ. ಮೆಸೇಜ್, ಅಗ್ರಿಮೆಂಟ್, ಫೋನ್ ನಂಬರ್ ಯಾವುದನ್ನೂ ಅಳಿಸದೆ ಪೊಲೀಸರಿಗೆ ದೂರು ಕೊಡಲಿ. ಅವನ ನಂಬರ್ ನನಗೆ ಕಳಿಸಿ, ನಾನೇ ಮಾತಾಡುತ್ತೇನೆ.