ಕೇಕ್ ದರದ ಶೀಟ್ ಮಾರುತ್ತಿದ್ದೇನೆ: ಕೊಂಡವರಿಗೆ ತುಂಬಲು ಆಗುತ್ತಿಲ್ಲ, ನನ್ನ ಫೈಲಿನಲ್ಲಿ ಬೆಣ್ಣೆಯ ಬೆಲೆ ಬದಲಾಗುತ್ತಿದೆ

ಕೇಕ್‌ಮನೆ_ಶಿವಮೊಗ್ಗ
ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗಾಗಿ ದರ ಲೆಕ್ಕದ ಶೀಟ್ ಮಾಡಿದ್ದೇನೆ. ಮೈದಾ, ಬೆಣ್ಣೆ, ಗ್ಯಾಸ್, ಡಬ್ಬಿಯ ಖರ್ಚು ತುಂಬಿದರೆ ಒಂದು ಕಿಲೋ ಕೇಕಿಗೆ ಎಷ್ಟು ಬೆಲೆ ಹೇಳಬೇಕೆಂದು ತೋರಿಸುತ್ತದೆ. 299 ರೂಪಾಯಿ. ಹಣ ಬಂದ ಮೇಲೆ ಲಿಂಕ್ ಇರುವ ಪಿಡಿಎಫ್ ಕಳುಹಿಸುತ್ತೇನೆ. ಈ ವಾರ 9 ಜನ ಕೊಂಡರು, ಅವರಲ್ಲಿ 6 ಜನ ತುಂಬಲು ಆಗುತ್ತಿಲ್ಲ ಎನ್ನುತ್ತಿದ್ದಾರೆ. ಇಬ್ಬರು ಹಣ ವಾಪಸ್ ಕೇಳಿದ್ದಾರೆ. ನಿನ್ನೆ ರಾತ್ರಿ ನೋಡಿದರೆ ನನ್ನ ಫೈಲಿನಲ್ಲಿ 560 ಇದ್ದ ಬೆಣ್ಣೆಯ ಬೆಲೆ 610 ಆಗಿದೆ, ಆರ್ಡರ್ ಪಟ್ಟಿಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕ್ ಸೇರಿದೆ. ನಾನು ಮುಟ್ಟಿಲ್ಲ. ಎರಡು ತಿಂಗಳು ಕೂತು ಮಾಡಿದ ಕೆಲಸ ಇದು. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಮಲೆನಾಡ_ಲೆಕ್ಕಿಗ
ಮೊಬೈಲಿನ ಸಮಸ್ಯೆ ಮೇಡಂ. ಲಿಂಕ್ ಮುಟ್ಟಿದ ಕೂಡಲೇ ಆ್ಯಪ್ ತೆರೆದುಕೊಳ್ಳುತ್ತದೆ, ಅಲ್ಲಿ ಕಾಪಿ ಮಾಡುವ ಗುಂಡಿ ಸರಿಯಾಗಿ ಬರುವುದಿಲ್ಲ. ಕಂಪ್ಯೂಟರಿನಲ್ಲಿ ತೆರೆಯಲು ಹೇಳಿ.

ಎಕ್ಸೆಲ್_ರಾಯರು
ಯಾವ ಶೀಟ್? ಎಕ್ಸೆಲ್ಲೋ ಗೂಗಲ್ಲೋ? ಅದನ್ನೇ ಹೇಳಿಲ್ಲವಲ್ಲ.

ಕೇಕ್‌ಮನೆ_ಶಿವಮೊಗ್ಗ
ಗೂಗಲ್ ಶೀಟ್ಸ್ ಸರ್. ಲೆಕ್ಕಿಗ ಸರ್, ಇಬ್ಬರು ಲ್ಯಾಪ್‌ಟಾಪಿನಲ್ಲೇ ತೆರೆದಿದ್ದಾರೆ, ಅಲ್ಲಿಯೂ ಆಗಲಿಲ್ಲ.

ಮಲೆನಾಡ_ಲೆಕ್ಕಿಗ
ಆ ಲ್ಯಾಪ್‌ಟಾಪಿನ ಬ್ರೌಸರ್ ಹಳೆಯದಿರಬೇಕು. ಕ್ಯಾಶ್ ಅಳಿಸಿ ಇನ್ನೊಮ್ಮೆ ತೆರೆಯಲು ಹೇಳಿ. ನನ್ನ ಗ್ರಾಹಕರಲ್ಲಿ ಹತ್ತಕ್ಕೆ ಎಂಟು ದೂರುಗಳು ಮೊಬೈಲ್ ಆ್ಯಪಿನಿಂದಲೇ ಬರುತ್ತವೆ.

ಸೂತ್ರಪಟ್ಟಿ
ಮೊಬೈಲ್ ವಿಷಯ ಆಮೇಲೆ ನೋಡೋಣ. 6 ಜನಕ್ಕೆ ಆಗಲಿಲ್ಲ ಎಂದಿರಿ ಅಕ್ಕ, ಉಳಿದ 3 ಜನಕ್ಕೆ ಹೇಗೆ ಆಯಿತು? ಪಿಡಿಎಫ್‌ನಲ್ಲಿರುವ ಲಿಂಕಿನ ಕೊನೆಯಲ್ಲಿ ಏನಿದೆ? ಶೇರ್ ಕಿಟಕಿಯಲ್ಲಿ ಗಿಯರ್ ಗುರುತು ಒತ್ತಿ ಏನನ್ನಾದರೂ ಬದಲಿಸಿದ್ದೀರಾ?

ಕೇಕ್‌ಮನೆ_ಶಿವಮೊಗ್ಗ
ಲಿಂಕಿನ ಕೊನೆಯಲ್ಲಿ `/edit?usp=sharing` ಇದೆ. ಯಾರೂ ಕದಿಯಬಾರದೆಂದು ಗಿಯರ್‌ನಲ್ಲಿ ಡೌನ್‌ಲೋಡ್, ಪ್ರಿಂಟ್, ಕಾಪಿ ಆಯ್ಕೆಯ ಟಿಕ್ ತೆಗೆದಿದ್ದೆ. ಆ 3 ಜನರಿಂದ ಅನುಮತಿ ಕೇಳಿ ಇಮೇಲ್ ಬಂದಿತ್ತು, ಹಣ ಕೊಟ್ಟವರಲ್ಲವೇ ಎಂದು ಒಪ್ಪಿಗೆ ಕೊಟ್ಟೆ.

ಸೂತ್ರಪಟ್ಟಿ
ಎರಡು ತೊಂದರೆಗೂ ಬೇರು ಇಲ್ಲೇ ಇದೆ. ಆ ಟಿಕ್ ತೆಗೆದರೆ ಕಳ್ಳನಿಗಷ್ಟೇ ಅಲ್ಲ, ಹಣ ಕೊಟ್ಟು ಕೊಂಡವರಿಗೂ ಕಾಪಿ ನಿಲ್ಲುತ್ತದೆ. ಅವರಿಗೆ ಕಾಣುವುದು ನಿಮ್ಮ ಮೂಲ ಫೈಲ್, ಅದನ್ನು ನೋಡಬಹುದು, ತುಂಬಲಾಗದು. ಹಾಗಾಗಿ ತಿದ್ದಲು ಅನುಮತಿ ಕೇಳುತ್ತಾರೆ. ನೀವು ಒಪ್ಪಿದ ಕ್ಷಣ ಅವರು ನಿಮ್ಮ ಮೂಲ ಫೈಲಿನಲ್ಲೇ ಬರೆಯಬಲ್ಲವರಾಗುತ್ತಾರೆ. 610ರ ಬೆಣ್ಣೆ ಆ ಮೂವರಲ್ಲಿ ಒಬ್ಬರದು. ಅವರ ತಪ್ಪಿಲ್ಲ, ಅದು ತಮ್ಮದೇ ಪ್ರತಿ ಎಂದುಕೊಂಡು ತುಂಬಿದ್ದಾರೆ.

ಮೊದಲು ಮೂಲ ಫೈಲಿನ ಆವೃತ್ತಿ ಇತಿಹಾಸ ತೆರೆದು, ಈ ತಿದ್ದುಪಡಿಗಳಿಗಿಂತ ಹಿಂದಿನ ದಿನದ್ದನ್ನು ಮರಳಿ ತನ್ನಿ. ಅದರಿಂದ ಹೊಸ ಪ್ರತಿ ಮಾಡಿ, ಇನ್ನು ಅದೇ ನಿಮ್ಮ ಮಾರಾಟದ ಫೈಲ್. ಹಳೆಯದಕ್ಕೆ ಲಿಂಕ್ ಮುಚ್ಚಿ, ಮೂವರ ಹೆಸರನ್ನೂ ತೆಗೆಯಿರಿ. ಅದಕ್ಕೆ ಮುಂಚೆ ಅವರು ತುಂಬಿದ್ದನ್ನು ಅವರಿಗೆ ಕಳುಹಿಸಲು ಮರೆಯಬೇಡಿ. ಹೊಸದರಲ್ಲಿ ನೋಡುವ ಅನುಮತಿ ಮಾತ್ರ ಕೊಟ್ಟು, ಕಾಪಿಯ ಟಿಕ್ ಇರಲು ಬಿಡಿ. ಲಿಂಕಿನಲ್ಲಿ `/edit` ಮತ್ತು ಅದರ ನಂತರದ್ದನ್ನೆಲ್ಲ ಅಳಿಸಿ ಹೀಗೆ ಮಾಡಿ:

```
https://docs.google.com/spreadsheets/d/FILE_ID/copy
```

ಇದನ್ನು ತೆರೆದವರಿಗೆ ಶೀಟಿನ ಬದಲು 'ಪ್ರತಿ ಮಾಡಿಕೊಳ್ಳುತ್ತೀರಾ' ಎಂಬ ಒಂದೇ ಪ್ರಶ್ನೆ ಬರುತ್ತದೆ. ಒತ್ತಿದರೆ ಅವರ ಡ್ರೈವ್‌ನಲ್ಲಿ ಅವರದೇ ಫೈಲ್ ಆಗುತ್ತದೆ. ಕಳುಹಿಸುವ ಮುನ್ನ ನಿಮ್ಮ ಮನೆಯವರ ಇನ್ನೊಂದು ಜಿಮೇಲ್ ಖಾತೆಯಿಂದ ತೆರೆದು ನೋಡಿ. ಮಾಲೀಕರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಈ ದೋಷ ಸಿಕ್ಕುವುದು ಬೇರೆ ಖಾತೆಯಲ್ಲಿ ಮಾತ್ರ.

ಎಕ್ಸೆಲ್_ರಾಯರು
ಇಷ್ಟೆಲ್ಲ ಯಾಕೆ? ಎಕ್ಸೆಲ್ ಫೈಲ್ ಕೊಡಿ, ಸೂತ್ರಗಳಿರುವ ಸೆಲ್‌ಗಳಿಗೆ ಬೀಗ ಹಾಕಿ ಪಾಸ್‌ವರ್ಡ್ ಇಡಿ. ನಾನು ಹತ್ತು ವರ್ಷದಿಂದ ಹೀಗೆಯೇ ಕೊಡುತ್ತಿದ್ದೇನೆ.

ಸೂತ್ರಪಟ್ಟಿ
ಸರ್, ಆ ಬೀಗ ತಪ್ಪಿ ಸೂತ್ರ ಅಳಿಸುವುದನ್ನು ತಡೆಯುತ್ತದೆ, ಆ ಮಟ್ಟಿಗೆ ಒಳ್ಳೆಯದು. ಕಳ್ಳತನ ತಡೆಯುವುದಿಲ್ಲ. `.xlsx` ಎಂಬುದು ಒಳಗೆ ಜಿಪ್ ಫೈಲ್. ಹೆಸರಿನ ಕೊನೆಯನ್ನು `.zip` ಮಾಡಿ ಬಿಚ್ಚಿದರೆ `xl/worksheets/sheet1.xml` ಸಿಗುತ್ತದೆ. ಅದರಲ್ಲಿ `<sheetProtection` ಎಂದು ಶುರುವಾಗುವ ಒಂದು ತುಣುಕು ಅಳಿಸಿ ಮತ್ತೆ ಜಿಪ್ ಮಾಡಿದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ಗೂಗಲ್‌ನಲ್ಲಿಯೂ ಹಾಗೆಯೇ, ಪ್ರತಿ ಮಾಡಿಕೊಂಡವರೇ ಅದರ ಮಾಲೀಕರು, ಬೀಗವನ್ನು ಅವರೇ ತೆಗೆಯಬಲ್ಲರು.

ಎಕ್ಸೆಲ್_ರಾಯರು
ಕೇಕ್ ಮಾಡುವ ಗೃಹಿಣಿ ಜಿಪ್ ಬಿಚ್ಚಿ ಕೂರುತ್ತಾರೆಯೇ? ನೂರಕ್ಕೆ ತೊಂಬತ್ತು ಜನರಿಗೆ ಬೀಗವೇ ಸಾಕು.

ಕೇಕ್‌ಮನೆ_ಶಿವಮೊಗ್ಗ
ಗೃಹಿಣಿಯರನ್ನು ಹಾಗೆ ಅಳೆಯಬೇಡಿ ಸರ್, ಈ ಶೀಟ್ ಕಟ್ಟಿದ್ದೂ ಒಬ್ಬ ಗೃಹಿಣಿಯೇ. ಅದಿರಲಿ, ಹಾಗಾದರೆ ಕದಿಯುವುದನ್ನು ತಡೆಯಲು ದಾರಿಯೇ ಇಲ್ಲವೇ? ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಲಿಂಕ್ ಆಗಲೇ ಹರಿದಾಡುತ್ತಿದೆಯಂತೆ.

ಅಡಿಕೆ_ತೋಟ_ಸಾಗರ
ಬೇರೊಂದು ಶೀಟಿನಿಂದ ಮಾಹಿತಿ ಎಳೆದು ತರುವ `IMPORTRANGE` ಸೂತ್ರ ಬಳಸಿ. ಕೊಂಡವರ ಇಮೇಲ್ ಪಟ್ಟಿ ನಿಮ್ಮ ಬೇರೊಂದು ಶೀಟಿನಲ್ಲಿರಲಿ. ಗ್ರಾಹಕರು ತಮ್ಮ ಇಮೇಲ್ ತುಂಬಿದರೆ ಪಟ್ಟಿಯೊಂದಿಗೆ ಹೋಲಿಸಿ, ಇದ್ದರೆ ಮಾತ್ರ ಲೆಕ್ಕ ತೋರಿಸಲಿ. ನನ್ನ ತೋಟದ ಕೂಲಿ ಲೆಕ್ಕದಲ್ಲಿ ಇದನ್ನೇ ಮಾಡಿದ್ದೇನೆ. 14 ಶೀಟ್, ಒಂದೇ ಮುಖಪುಟ, ಕೊನೆ ಕೊಯ್ಲಿನ ದಿನ ಮಗ ಮೊಬೈಲಿನಲ್ಲಿ ತುಂಬಿದರೆ ಮನೆಯ ಟಿವಿಯಲ್ಲಿ ಮೊತ್ತ ಬರುತ್ತದೆ.

ಸೂತ್ರಪಟ್ಟಿ
ಮನೆಯ ಲೆಕ್ಕಕ್ಕೆ ಚೆನ್ನಾಗಿದೆ ಅಣ್ಣ, ಮಾರುವ ಶೀಟಿಗೆ ಬೇಡ. ಒಮ್ಮೆ ಸಂಪರ್ಕ ಒಪ್ಪಿಗೆಯಾದರೆ ಆ ಶೀಟ್ ತಿದ್ದಬಲ್ಲವರು ಯಾರೇ ಆದರೂ ಸೂತ್ರದ ವ್ಯಾಪ್ತಿ ಬದಲಿಸಿ ನಿಮ್ಮ ಮೂಲದ ಯಾವ ಭಾಗವನ್ನಾದರೂ ಎಳೆದುಕೊಳ್ಳಬಹುದು. ಒಬ್ಬ ಗ್ರಾಹಕನಿಗೆ ಉಳಿದೆಲ್ಲರ ಇಮೇಲ್ ಕೊಟ್ಟಂತೆ. ಹೋಲಿಸುವ ಸೂತ್ರವೂ ಅವರ ಕೈಯಲ್ಲೇ ಇರುವುದರಿಂದ ಅದನ್ನೂ ಅಳಿಸಬಹುದು.

ಅಕ್ಕ, ವಾರಕ್ಕೆ 9 ಆರ್ಡರ್ ಇದ್ದರೆ ಹೀಗೆ ಮಾಡಿ. ಮಾರಾಟದ ಫೈಲ್ ಎಲ್ಲರಿಗೂ ತೆರೆದಿರುವುದು ಬೇಡ. ಆರ್ಡರ್ ಬಂದಾಗ ಅದರಿಂದ ಒಂದು ಪ್ರತಿ ಮಾಡಿ, ಮುಖಪುಟದಲ್ಲೂ ಬಿಲ್ ಮುದ್ರಿಸುವ ಹಾಳೆಯಲ್ಲೂ ಕೊಂಡವರ ಹೆಸರು, ಆರ್ಡರ್ ಸಂಖ್ಯೆ ಬರೆಯಿರಿ. ಅದನ್ನು ಅವರ ಜಿಮೇಲ್‌ಗೆ ಮಾತ್ರ ನೋಡುವ ಅನುಮತಿಯೊಂದಿಗೆ ಹಂಚಿ ಆ ಪ್ರತಿಯ `/copy` ಲಿಂಕ್ ಕಳುಹಿಸಿ. ಐದು ನಿಮಿಷದ ಕೆಲಸ. ಲಿಂಕ್ ಗುಂಪಿಗೆ ಹೋದರೂ ಬೇರೆಯವರಿಗೆ ತೆರೆಯುವುದಿಲ್ಲ. ಅವರು ಮಾಡಿಕೊಂಡ ಪ್ರತಿಯನ್ನು ಹಂಚಬಹುದು, ಅದನ್ನು ಯಾರೂ ತಡೆಯಲಾರರು. ಆದರೆ ತಮ್ಮ ಹೆಸರಿರುವ ಹಾಳೆಯನ್ನು ಗುಂಪಿಗೆ ಹಾಕಲು ಹೆಚ್ಚಿನವರು ಹಿಂಜರಿಯುತ್ತಾರೆ.

ಎಕ್ಸೆಲ್_ರಾಯರು
ಹೆಸರು ಅಳಿಸಲು ಎರಡು ಸೆಕೆಂಡ್ ಸಾಕು. ನನ್ನ ಬೀಗ ದುರ್ಬಲವಾದರೆ ನಿಮ್ಮ ಹೆಸರು ಇನ್ನೂ ದುರ್ಬಲ.

ಸೂತ್ರಪಟ್ಟಿ
ಒಪ್ಪುತ್ತೇನೆ. ಆದರೆ ಇದರಿಂದ ಹಣ ಕೊಟ್ಟವರಿಗೆ ತೊಂದರೆ ಇಲ್ಲ. ವಾರಕ್ಕೆ 50 ಆರ್ಡರ್ ಬಂದರೆ ಕೈಯಿಂದ ಮಾಡಲಾಗದು, ಆಗ ಒಂದೇ ಲಿಂಕ್ ಇಟ್ಟು ಸ್ವಲ್ಪ ಸೋರಿಕೆಯನ್ನು ಒಪ್ಪಿಕೊಳ್ಳಬೇಕು.

ಕೇಕ್‌ಮನೆ_ಶಿವಮೊಗ್ಗ
ಅಕ್ಕನ ಖಾತೆಯಿಂದ ತೆರೆದು ನೋಡಿ, ಬೆಳಿಗ್ಗೆ 9 ಜನಕ್ಕೂ ಹೊಸ ಲಿಂಕ್ ಕಳುಹಿಸಿದೆ. 7 ಜನಕ್ಕೆ ಪ್ರತಿ ಸಿಕ್ಕಿದೆ, ಹಣ ವಾಪಸ್ ಕೇಳಿದ್ದವರಲ್ಲಿ ಒಬ್ಬರು ಈಗ ವಾಪಸ್ ಬೇಡ ಎಂದಿದ್ದಾರೆ. ಹುಟ್ಟುಹಬ್ಬದ ಆರ್ಡರ್ ಯಾರದೆಂದೂ ತಿಳಿಯಿತು, ಅವರ ಸಾಲುಗಳನ್ನು ಅವರಿಗೇ ಕಳುಹಿಸಿದೆ. ಇನ್ನಿಬ್ಬರಲ್ಲಿ ಒಬ್ಬರು ಕಚೇರಿಯ ಇಮೇಲ್ ಕೊಟ್ಟಿದ್ದಾರೆ, ಅದರಲ್ಲಿ ಹೊರಗಿನ ಫೈಲ್ ತೆರೆಯುವುದಿಲ್ಲವಂತೆ. ಮತ್ತೊಬ್ಬರು ಮೊಬೈಲಿನಲ್ಲಿ ಒತ್ತಿದರೆ ಆ್ಯಪ್ ತೆರೆದು ಖಾಲಿ ಪುಟ ಬರುತ್ತದೆ ಎನ್ನುತ್ತಿದ್ದಾರೆ.

ಮಲೆನಾಡ_ಲೆಕ್ಕಿಗ
ಆ್ಯಪಿನ ವಿಷಯ ನಾನು ಮೊದಲೇ ಹೇಳಿದ್ದೆ. ಲಿಂಕನ್ನು ಒತ್ತದೆ ನಕಲಿಸಿ, ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅಂಟಿಸಲು ಹೇಳಿ. ಕಚೇರಿಯವರಿಂದ ಸ್ವಂತ ಜಿಮೇಲ್ ಕೇಳಿ ಪಡೆಯಿರಿ.

ಅಡಿಕೆ_ತೋಟ_ಸಾಗರ
ಸೂತ್ರಪಟ್ಟಿಯವರೇ, ಹಾಗಾದರೆ ನನ್ನ ಕೂಲಿ ಶೀಟನ್ನು ಪಕ್ಕದ ತೋಟದವರಿಗೆ ಕೊಟ್ಟಿದ್ದೇನಲ್ಲ, ಅವರಿಗೆ ನನ್ನ ಆಳುಗಳ ಮುಂಗಡದ ಲೆಕ್ಕವೂ ಕಾಣುತ್ತದೆಯೇ?