ಆಟದ ನಡುವೆ ನನ್ನ ದನಿಯೇ ನನಗೆ ಮರಳಿ ಕೇಳಿಸುತ್ತಿದೆ

ಹಾಸನ: ನಾವು ನಾಲ್ವರು ಗೆಳೆಯರು ಬಿಜಿಎಂಐ ಆಡುತ್ತಾ ಡಿಸ್ಕಾರ್ಡ್‌ನಲ್ಲಿ ಮಾತನಾಡುತ್ತೇವೆ. ನಾನು ಆಡಿದ ಮಾತು ನನಗೇ ಮರಳಿ ಕೇಳಿಸುತ್ತದೆ, ಉಳಿದವರ ಮಾತು ತಡವಾಗಿ ಬರುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಎಲ್ಲರದೂ ಆಂಡ್ರಾಯ್ಡ್ ಫೋನ್. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ದಾವಣಗೆರೆ: ನಿಮ್ಮ ಇಯರ್‌ಫೋನ್ ಬದಲಿಸಿ. ನಾನು ಬ್ಲೂಟೂತ್ ಕೊಂಡ ಮೇಲೆ ನಮ್ಮ ತಂಡದಲ್ಲಿ ಪ್ರತಿಧ್ವನಿ ನಿಂತುಹೋಯಿತು.

ಮಂಗಳೂರು: ದಾವಣಗೆರೆಯವರು ಹೇಳಿದ್ದು ಅರ್ಧ ಸರಿ. ಬದಲಾಗಬೇಕಾದದ್ದು ಇಯರ್‌ಫೋನೇ ಇರಬಹುದು, ಆದರೆ ಅದು ಪ್ರಶ್ನೆ ಕೇಳಿದವರದಲ್ಲ. ನಿಮ್ಮ ದನಿ ನಿಮಗೆ ಮರಳುತ್ತಿದೆ ಎಂದರೆ, ಅದು ಬೇರೊಬ್ಬರ ಸ್ಪೀಕರಿನಿಂದ ಹೊರಬಂದು ಅವರದೇ ಮೈಕಿಗೆ ಹೋಗುತ್ತಿದೆ. ಆ ವ್ಯಕ್ತಿಗೆ ಮಾತ್ರ ಏನೂ ಕೇಳಿಸುವುದಿಲ್ಲವಾದ್ದರಿಂದ, ತನ್ನದೆಲ್ಲ ಸರಿಯಿದೆ ಎಂದು ಅವನು ಆಣೆ ಇಟ್ಟು ಹೇಳುತ್ತಾನೆ. ಲಾಬಿಯಲ್ಲಿ ಕುಳಿತು ಒಬ್ಬೊಬ್ಬರೇ ಹತ್ತು ಸೆಕೆಂಡು ಮ್ಯೂಟ್ ಆಗಲಿ, ನೀವು ಎಣಿಸುತ್ತಾ ಇರಿ. ಯಾರು ಮ್ಯೂಟ್ ಆದಾಗ ಪ್ರತಿಧ್ವನಿ ನಿಂತಿತೋ ಅವರದೇ ಫೋನು. ನಮ್ಮಲ್ಲಿ ಸಿಕ್ಕಿಬಿದ್ದವನು ಇಯರ್‌ಫೋನ್ ಹಾಕಿಯೇ ಇದ್ದ, ಆದರೆ ಒಂದು ಕಿವಿಗೆ ಮಾತ್ರ. ಇನ್ನೊಂದು ತುದಿ ಪೂರ್ತಿ ವಾಲ್ಯೂಮಿನಲ್ಲಿ ಮೈಕಿನ ಪಕ್ಕದಲ್ಲೇ ನೇತಾಡುತ್ತಿತ್ತು.

ಆಟದೊಳಗಿನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ನಾಲ್ವರೂ ಆಫ್ ಮಾಡಿದ್ದೀರಾ ಎಂದು ನೋಡಿಕೊಳ್ಳಿ. ಇಲ್ಲವಾದರೆ ಗೆಳೆಯರ ಒಂದೇ ಮಾತು ಎರಡು ದಾರಿಯಲ್ಲಿ ಎರಡು ಬಾರಿ ಬರಬಹುದು. ಆಂಡ್ರಾಯ್ಡ್ 10ರಿಂದೀಚೆಗೆ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಆ್ಯಪ್‌ಗೆ ಮೈಕಿನ ದನಿ ಸಿಗುವುದರಿಂದ, ಡಿಸ್ಕಾರ್ಡ್‌ನಲ್ಲಿ ನೀವು ಇದ್ದಕ್ಕಿದ್ದಂತೆ ಮೂಕರಾಗುವುದಕ್ಕೂ ಅದೇ ಕಾರಣವಾಗಬಹುದು.

ಬ್ಲೂಟೂತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರ ಮೈಕ್ ತೆರೆದ ಕೂಡಲೇ ಹೆಡ್‌ಸೆಟ್ ಫೋನ್ ಕರೆಯ ರೀತಿಗೆ ಇಳಿಯುತ್ತದೆ; ಶತ್ರುವಿನ ಹೆಜ್ಜೆ ಸಪ್ಪಳ ಮಂಕಾಗುತ್ತದೆ, ದನಿಯೂ ತುಸು ತಡವಾಗುತ್ತದೆ. ಮೈಕ್ ಇರುವ ತಂತಿಯ ಇಯರ್‌ಫೋನ್ ಸಾಕು.

ಕಲಬುರಗಿ: ನಮ್ಮ ಮನೆಯಲ್ಲಿ ತಮ್ಮ ವಿಡಿಯೊ ನೋಡಲು ಕುಳಿತರೆ ನನ್ನ ಪಿಂಗ್ 40ರಿಂದ 150ಕ್ಕೆ ಏರುತ್ತದೆ. ವಾಯ್ಸ್ ಚಾಟ್ ನಿಲ್ಲಿಸಬೇಕೇ?

ಮಂಗಳೂರು: ನಿಮ್ಮದು ವೈಫೈ ಹಂಚಿಕೆಯ ತೊಂದರೆ. ಡಿಸ್ಕಾರ್ಡ್‌ನ ಸಾಮಾನ್ಯ 64 ಕೆಬಿಪಿಎಸ್‌ನಲ್ಲಿ ಒಬ್ಬರು ಒಂದು ಗಂಟೆ ಬಿಡದೆ ಮಾತನಾಡಿದರೂ ಸುಮಾರು 29 ಎಂಬಿ ಆಗುತ್ತದೆ, ಅಷ್ಟೇ. ಒಂದು ಪಂದ್ಯವನ್ನು ಚಾಟ್ ಇಲ್ಲದೆ ಆಡಿ ನೋಡಿ. ಪಿಂಗ್ ಹಾಗೆಯೇ ಏರಿದರೆ ಕಾರಣ ಮಾತಲ್ಲ.

ಮೈಸೂರು: ಬ್ಯಾಟರಿಯ ಮಾತು ಉಳಿಯಿತು. ಡಿಸ್ಕಾರ್ಡ್ ಬಿಟ್ಟು ಆಟದೊಳಗಿನ ಚಾಟ್ ಬಳಸಿದ ಮೇಲೆ ನನ್ನ ಫೋನ್ ಬಿಸಿಯಾಗುವುದು ಕಡಿಮೆಯಾಯಿತು.

ಮಂಗಳೂರು: ಒಂದು ಆ್ಯಪ್ ಕಡಿಮೆಯಾದರೆ ಉಳಿತಾಯ ಸಹಜವೇ. ಆದರೆ ನನ್ನ ಫೋನಿನಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡದ್ದು ಪರದೆಯ ಬೆಳಕು ಮತ್ತು ಫ್ರೇಮ್ ರೇಟ್ ಇಳಿಸಿದಾಗ.

ಹಾಸನ: ಪರೀಕ್ಷೆ ಮಾಡಿದೆವು. ಮೂರನೆಯವನು ಮ್ಯೂಟ್ ಆದ ಕೂಡಲೇ ಪ್ರತಿಧ್ವನಿ ನಿಂತಿತು; ಫೋನನ್ನು ದಿಂಬಿಗೆ ಒರಗಿಸಿ ಸ್ಪೀಕರಿನಲ್ಲೇ ಆಡುತ್ತಿದ್ದನಂತೆ. ತಡವಾಗುತ್ತಿದ್ದದ್ದು ನನ್ನ ಬ್ಲೂಟೂತ್‌ನಿಂದ. ಬ್ಯಾಟರಿ ಮಾತ್ರ ಮೊದಲಿನಂತೆಯೇ ಇಳಿಯುತ್ತಿದೆ.